ಯೋಜನೆ ತಡವಾದಾಗ ಮೇಲಧಿಕಾರಿಗೆ ತಿಳಿಸುವುದು ಹೇಗೆ: ಲೆಕ್ಕ ಮುಂದಿಟ್ಟು, ಯಾರನ್ನೂ ದೂರದೆ

ಕೆಲಸ ತಡವಾಗುತ್ತಿದೆ ಎಂಬ ಸುದ್ದಿ ಹಿರಿಯ ಅಧಿಕಾರಿಯ ಮೇಜಿಗೆ ಸಾಮಾನ್ಯವಾಗಿ ಎರಡು ರೂಪದಲ್ಲಿ ತಲುಪುತ್ತದೆ. ಕೆಲವರು ಗಡುವಿಗೆ ನಾಲ್ಕು ದಿನ ಇರುವಾಗ ಬಾಯಿ ಬಿಡುತ್ತಾರೆ. ಅಷ್ಟು ಹೊತ್ತಿಗೆ ಅಧಿಕಾರಿಯ ಕೈಯಲ್ಲಿ ಮಾಡುವಂಥದ್ದು ಏನೂ ಉಳಿದಿರುವುದಿಲ್ಲ. ಇನ್ನು ಕೆಲವರು ಬೇಗನೆ ಹೇಳುತ್ತಾರೆ, ಆದರೆ ದೂರಿನ ರೂಪದಲ್ಲಿ: ಆ ವಿಭಾಗದವರು ಸಹಕರಿಸುತ್ತಿಲ್ಲ, ಇವರಿಗೆ ಹತ್ತು ಸಲ ನೆನಪಿಸಿದ್ದಾಯಿತು. ಆಗ ಅಧಿಕಾರಿ ಯೋಜನೆಯನ್ನು ಬಿಟ್ಟು ಜಗಳ ಬಿಡಿಸಲು ಕೂರುತ್ತಾರೆ. ಎರಡರಲ್ಲೂ ಕೆಲಸ ಮುಂದೆ ಹೋಗುವುದಿಲ್ಲ.

ಕಚೇರಿಗಳಲ್ಲಿ ಎಸ್ಕಲೇಶನ್ ಎನ್ನುವ ಈ ಕ್ರಮದ ತಿರುಳು ಒಂದೇ. ನಿಮ್ಮ ಅಧಿಕಾರದಲ್ಲಿ ಇಲ್ಲದ ಒಂದು ನಿರ್ಧಾರವನ್ನು, ಅದರಿಂದ ಇನ್ನೂ ಪ್ರಯೋಜನ ಇರುವಾಗಲೇ, ಅದನ್ನು ತೆಗೆದುಕೊಳ್ಳಬಲ್ಲವರ ಬಳಿ ಕೇಳುವುದು. ಯಾರನ್ನೂ ದೂರಬಾರದು ಎಂಬುದು ಬರಿಯ ಸೌಜನ್ಯವಲ್ಲ. ವಿಳಂಬದ ಕಾರಣವನ್ನು ವ್ಯಕ್ತಿಯ ಮೇಲೆ ಹೊರಿಸಿದ ಕೂಡಲೇ ನಿಜವಾದ ಕಾರಣ ಹುಡುಕುವುದು ನಿಂತುಹೋಗುತ್ತದೆ. ಕೇಳಬೇಕಾದ ನಿರ್ಧಾರವೂ ತಪ್ಪಾಗುತ್ತದೆ. ಇದನ್ನು ಒಂದು ಪ್ರಕರಣದ ಮೂಲಕ ಕೊನೆಯವರೆಗೆ ಲೆಕ್ಕ ಹಾಕಿ ನೋಡೋಣ. ಪ್ರಕರಣ ವಿವರಣೆಗಾಗಿ ಕಟ್ಟಿದ್ದು. ಇದರ ಸ್ವರೂಪ ಮಾತ್ರ ಕಾರ್ಖಾನೆಗಳಲ್ಲಿ ಕೆಲಸ ಮಾಡಿದವರಿಗೆ ಚಿರಪರಿಚಿತ.

ಪ್ರಕರಣ

ಬೆಂಗಳೂರಿನ ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಒಂದು ಮಧ್ಯಮ ಗಾತ್ರದ ಕಾರ್ಖಾನೆ. ಹಳೆಯ ಲೆಕ್ಕದ ತಂತ್ರಾಂಶವನ್ನು ಬಿಟ್ಟು ಏಪ್ರಿಲ್ 1ರಿಂದ, ದಾಸ್ತಾನು, ಇನ್‌ವಾಯ್ಸ್, ಲೆಕ್ಕಪತ್ರ ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುವ ಹೊಸ ಇಆರ್‌ಪಿ ವ್ಯವಸ್ಥೆಗೆ ಹೋಗಬೇಕೆಂದು ತೀರ್ಮಾನವಾಗಿದೆ. ದಿನಾಂಕದ ಹಿಂದೆ ಕಾರಣವಿದೆ. ಅಂದು ಹೊಸ ಆರ್ಥಿಕ ವರ್ಷ ಆರಂಭವಾಗುತ್ತದೆ. ಜಿಎಸ್‌ಟಿ ನಿಯಮದ ಪ್ರಕಾರ ಇನ್‌ವಾಯ್ಸ್‌ನ ಕ್ರಮಸಂಖ್ಯೆ ಒಂದು ಆರ್ಥಿಕ ವರ್ಷದೊಳಗೆ ಎರಡನೆಯ ಬಾರಿ ಬರುವಂತಿಲ್ಲವಾದ್ದರಿಂದ ಬಹಳಷ್ಟು ಸಂಸ್ಥೆಗಳು ಹೊಸ ಸರಣಿಯನ್ನು ಅಂದೇ ಶುರು ಮಾಡುತ್ತವೆ. ಲೆಕ್ಕಪತ್ರವೂ ಆಗ ಒಂದೇ ವ್ಯವಸ್ಥೆಯಲ್ಲಿ ಇರುತ್ತದೆ.

ಹೊಸ ವ್ಯವಸ್ಥೆಗೆ ಹೋಗುವ ಮೊದಲು ಸ್ಟೋರ್ಸ್‌ನಲ್ಲಿರುವ 9,600 ಐಟಂಗಳ ಪಟ್ಟಿಯನ್ನು ಶುದ್ಧಗೊಳಿಸಬೇಕು. ಒಂದೇ ವಾಷರ್‌ಗೆ ಎರಡು ಕೋಡ್ ಇರಬಹುದು, ಅಳತೆಯ ಘಟಕ ತಪ್ಪಿರಬಹುದು, ತೆರಿಗೆಗಾಗಿ ಸರಕನ್ನು ವರ್ಗೀಕರಿಸುವ ಎಚ್‌ಎಸ್‌ಎನ್ ಕೋಡ್ ಅಪೂರ್ಣವಾಗಿರಬಹುದು. ಜನವರಿ 5, ಸೋಮವಾರ ಆರಂಭಿಸಿ ವಾರಕ್ಕೆ 1,200 ಐಟಂನಂತೆ ಎಂಟು ವಾರಗಳಲ್ಲಿ, ಅಂದರೆ ಫೆಬ್ರವರಿ 28ರ ಶನಿವಾರಕ್ಕೆ ಮುಗಿಸುವುದು ಯೋಜನೆ. ನಂತರ ಮೂರು ವಾರ ಪರೀಕ್ಷೆ, ಒಂದು ವಾರ ಹೆಚ್ಚುವರಿ ಅವಧಿ. ವಾರಕ್ಕೆ ಆರು ಕೆಲಸದ ದಿನ. ನೀವು ಈ ಯೋಜನೆಯ ಮೇಲ್ವಿಚಾರಕರು. ಈಗ ಐದು ವಾರ ಕಳೆಯುತ್ತಾ ಬಂದಿದೆ, ಕೆಲಸ ಹಿಂದೆ ಬಿದ್ದಿದೆ.

ಮೊದಲು ಎಣಿಸಿ

ಶೇಕಡಾವಾರಿನಿಂದ ಶುರು ಮಾಡಬೇಡಿ. “ಶೇ. 70 ಮುಗಿದಿದೆ” ಎಂಬುದು ಯಾರದೋ ಅಂದಾಜು; ಅದನ್ನು ಯಾರೂ ಪರಿಶೀಲಿಸಲಾಗದು. ಎಣಿಸಬಹುದಾದ ಒಂದು ವಸ್ತುವನ್ನು ಹಿಡಿಯಿರಿ. ಇಲ್ಲಿ ಅದು ಐಟಂ. ತಂತ್ರಾಂಶದ ಕೆಲಸದಲ್ಲಿ ಅದು ಪರೀಕ್ಷೆ ದಾಟಿದ ಸ್ಕ್ರೀನ್ ಆಗಬಹುದು, ಕಟ್ಟಡದಲ್ಲಿ ತಪಾಸಣೆಯಾದ ಕಂಬ. “ಮುಗಿದಿದೆ” ಎಂದರೆ ಏನು ಎಂಬುದನ್ನೂ ಒಂದು ಸಾಲಿನಲ್ಲಿ ಬರೆದಿಡಿ: ಕೋಡ್, ಅಳತೆಯ ಘಟಕ, ಎಚ್‌ಎಸ್‌ಎನ್ ಮೂರೂ ಖಚಿತವಾಗಿ, ಹೊಸ ವ್ಯವಸ್ಥೆಗೆ ಏರಿಸಲು ಸಿದ್ಧವಾದದ್ದು ಮಾತ್ರ ಮುಗಿದದ್ದು. ಈ ವ್ಯಾಖ್ಯೆ ಇಲ್ಲದಿದ್ದರೆ ಸಭೆಯಲ್ಲಿ ಇಬ್ಬರು ಎರಡು ಸಂಖ್ಯೆ ಹೇಳುತ್ತಾರೆ, ಇಬ್ಬರೂ ಪ್ರಾಮಾಣಿಕರೇ ಆಗಿರುತ್ತಾರೆ, ಮಾತು ಅಲ್ಲಿಗೇ ಕೆಡುತ್ತದೆ.

ನಂತರ ವಾರವಾರದ ಸಂಖ್ಯೆಯನ್ನು ಪಕ್ಕಪಕ್ಕ ಇಡಿ. ನಮ್ಮ ಪ್ರಕರಣದಲ್ಲಿ ಅದು ಹೀಗಿದೆ: 900, 800, 600, 400, 300. ಐದು ವಾರಕ್ಕೆ ಒಟ್ಟು 3,000. ಯೋಜನೆಯ ಪ್ರಕಾರ ಈ ಹೊತ್ತಿಗೆ 6,000 ಆಗಬೇಕಿತ್ತು. ಉಳಿದಿರುವುದು 6,600.

ಬಹಳ ಜನ ಇಲ್ಲಿ ನಿಲ್ಲಿಸಿ “ಅರ್ಧದಷ್ಟು ಹಿಂದಿದ್ದೇವೆ” ಎಂದು ಬರೆಯುತ್ತಾರೆ. ಆದರೆ ಈ ಐದು ಸಂಖ್ಯೆಗಳಲ್ಲಿ ಅದಕ್ಕಿಂತ ಮುಖ್ಯವಾದ ಸಂಗತಿ ಇದೆ: ವೇಗ ಪ್ರತಿ ವಾರ ಇಳಿಯುತ್ತಿದೆ. ಐದು ವಾರದ ಸರಾಸರಿ 600. ಅದೇ ವೇಗದಲ್ಲಿ ಉಳಿದದ್ದಕ್ಕೆ ಹನ್ನೊಂದು ವಾರ ಬೇಕು, ಶುದ್ಧೀಕರಣ ಏಪ್ರಿಲ್ 25ಕ್ಕೆ ಮುಗಿಯುತ್ತದೆ. ಕೊನೆಯ ಎರಡು ವಾರದ ಸರಾಸರಿ 350. ಆ ವೇಗದಲ್ಲಿ ಹತ್ತೊಂಬತ್ತು ವಾರ, ಅಂದರೆ ಜೂನ್ 20. ಎರಡೂ ದಿನಾಂಕಗಳನ್ನು ಬರೆಯಿರಿ. ಒಂದೇ ದಿನಾಂಕ ಹೇಳಿದರೆ ಅದು ಹೊಸ ಭರವಸೆಯಾಗಿಬಿಡುತ್ತದೆ. ಎರಡು ಹೇಳಿದರೆ ಅನಿಶ್ಚಿತತೆ ಎಷ್ಟು ಅಗಲವಾಗಿದೆ ಎಂಬುದು ಓದುವವರಿಗೆ ಕಾಣುತ್ತದೆ.

ಪ್ರತಿ ಸಂಖ್ಯೆಯ ಪಕ್ಕದಲ್ಲಿ ಅದು ಎಲ್ಲಿಂದ ಬಂತು ಎಂದು ಗುರುತು ಹಾಕಿಕೊಳ್ಳಿ: ಎಕ್ಸೆಲ್ ಕಡತದ ಯಾವ ಹಾಳೆ, ಯಾವ ಶನಿವಾರದ ಪ್ರತಿ, ಯಾವ ಸಭೆಯ ಟಿಪ್ಪಣಿ. ನೆನಪಿನಿಂದ ಬರೆದ ದಿನಾಂಕ ಒಂದೇ ಒಂದು ತಪ್ಪಿದರೂ ಉಳಿದ ಸಂಖ್ಯೆಗಳ ಮೇಲಿನ ನಂಬಿಕೆ ಹೋಗುತ್ತದೆ.

ನಿಮ್ಮ ಮಟ್ಟದಲ್ಲೇ ಮುಗಿಯುತ್ತದೆಯೇ ಎಂದು ಕೇಳಿಕೊಳ್ಳಿ

ತಡವಾದ ಪ್ರತಿಯೊಂದನ್ನೂ ಮೇಲಕ್ಕೆ ಒಯ್ಯಬೇಕಿಲ್ಲ. ಒಂದು ವಾರದ ಹಿನ್ನಡೆ, ಒಂದು ವಾರದ ಹೆಚ್ಚುವರಿ ಅವಧಿ ಇದ್ದರೆ ತಂಡದೊಳಗೇ ಸರಿಪಡಿಸಬಹುದು. ಮೇಲಕ್ಕೆ ಹೋಗಬೇಕಾದದ್ದು ಹೆಚ್ಚುವರಿ ಅವಧಿಯೆಲ್ಲ ಸೇರಿಸಿದರೂ ದಿನಾಂಕ ಮುಟ್ಟಲಾಗದಿದ್ದಾಗ, ಮತ್ತು ಪರಿಹಾರಕ್ಕೆ ಬೇಕಾದದ್ದು, ಅಂದರೆ ಬೇರೆ ವಿಭಾಗದ ಜನ, ಹಣ, ವ್ಯಾಪ್ತಿಯ ಕಡಿತ ಅಥವಾ ದಿನಾಂಕದ ಬದಲಾವಣೆ, ನಿಮ್ಮ ಕೈಯಲ್ಲಿ ಇಲ್ಲದಿದ್ದಾಗ. ಇಲ್ಲಿ ಎರಡೂ ಇವೆ. ಏಪ್ರಿಲ್ 25 ಎಂಬ ಉತ್ತಮ ಅಂದಾಜೂ ಗಡುವಿನಾಚೆಗಿದೆ.

ತಂಡದವರಿಗೆ ಲೆಕ್ಕ ತೋರಿಸಿ, ಬರೆಯುವ ಮೊದಲೇ

ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಹೆಚ್ಚಿನ ಹಾನಿಯೂ ಇಲ್ಲೇ ಆಗುತ್ತದೆ. ನಿಮ್ಮ ಪತ್ರದಲ್ಲಿ ಯಾರ ಕೆಲಸದ ಪ್ರಸ್ತಾಪ ಬರುತ್ತದೋ ಅವರು ಅದನ್ನು ಮೊದಲ ಬಾರಿಗೆ ಮೇಲಧಿಕಾರಿಯ ಬಾಯಿಂದ ಕೇಳುವಂತಾಗಬಾರದು.

ಎರಡು ಕೋಡ್‌ಗಳು ಒಂದೇ ಭಾಗದವೇ ಎಂದು ಹೇಳಬಲ್ಲವರು ನಮ್ಮ ಕಾರ್ಖಾನೆಯಲ್ಲಿ ಒಬ್ಬರೇ: ಸ್ಟೋರ್ಸ್‌ನ ಹಿರಿಯರು. ಅವರ ಬಳಿ ವರ್ಷಾಂತ್ಯದ ದಾಸ್ತಾನು ಎಣಿಕೆಯೂ ಇದೆ. ಹೊರಗಿನಿಂದ ನೋಡಿದರೆ ಕಾರಣ ಸ್ಪಷ್ಟ: ಅವರಿಗೆ ಸಮಯವಿಲ್ಲ, ಅಥವಾ ಕಟುವಾಗಿ ಹೇಳುವವರ ಬಾಯಲ್ಲಿ, ಅವರಿಗೆ ಹೊಸ ವ್ಯವಸ್ಥೆ ಬೇಕಿಲ್ಲ. ಅವರ ಬಳಿಗೆ ಹೋಗುವಾಗ ಕಾರಣವನ್ನು ಒಯ್ಯಬೇಡಿ, ಬರಿಯ ಸಂಖ್ಯೆಗಳನ್ನು ಒಯ್ಯಿರಿ. ಗುಂಪಿನ ಮುಂದೆ ಬೇಡ, ಅವರ ಮೇಜಿನ ಬಳಿ ಕುಳಿತು ಕೇಳಿ: “ಸರ್, ವಾರವಾರದ ಲೆಕ್ಕ ಹೀಗೆ ಬಂದಿದೆ. ಇದರಲ್ಲಿ ತಪ್ಪಿದ್ದರೆ ತಿದ್ದಿ. ಮೊದಲ ವಾರ 900 ಆದದ್ದು ಈಗ ಯಾಕೆ ಆಗುತ್ತಿಲ್ಲ, ನಿಮಗೆ ಏನು ಕಾಣುತ್ತದೆ? ನಾನು ಜನರಲ್ ಮ್ಯಾನೇಜರ್ ಬಳಿ ಸಹಾಯ ಕೇಳಬೇಕೆಂದಿದ್ದೇನೆ. ಬರೆದದ್ದನ್ನು ಮೊದಲು ನಿಮಗೇ ತೋರಿಸುತ್ತೇನೆ.”

ಆಗ ಸಿಗುವ ಉತ್ತರ ಹೀಗಿರಬಹುದು: “ನೋಡಿ, ಮೊದಲು ಬೋಲ್ಟು, ನಟ್ಟು, ವಾಷರ್ ಮುಗಿಸಿದೆವು. ಅವು ಕಣ್ಣಿಗೇ ಗೊತ್ತಾಗುತ್ತವೆ. ಈಗ ಉಳಿದಿರುವುದು ನಕ್ಷೆ ನೋಡದೆ ಹೇಳಲಾಗದ ಭಾಗಗಳು. ನಕ್ಷೆಗಳು ವಿನ್ಯಾಸ ವಿಭಾಗದಲ್ಲಿವೆ. ಬೆಳಿಗ್ಗೆ ಚೀಟಿ ಕಳಿಸಿದರೆ ನಕ್ಷೆ ಬರುವಾಗ ಮರುದಿನವಾಗುತ್ತದೆ. ಎಣಿಕೆ ಇಲ್ಲದ ದಿನವೂ ನಾನು ಕಾಯುತ್ತಲೇ ಕೂತಿರುತ್ತೇನೆ.”

ಕಾರಣ ಇಲ್ಲಿ ಪೂರ್ತಿ ಬದಲಾಯಿತು. ನೀವು ಹೊರಗಿನಿಂದ ಊಹಿಸಿದ್ದನ್ನೇ ಬರೆದಿದ್ದರೆ ಜನರಲ್ ಮ್ಯಾನೇಜರ್ ಆ ಹಿರಿಯರನ್ನು ದಾಸ್ತಾನು ಎಣಿಕೆಯಿಂದ ಬಿಡುಗಡೆ ಮಾಡುತ್ತಿದ್ದರು, ಅವರು ಇನ್ನಷ್ಟು ಹೊತ್ತು ನಕ್ಷೆಗಾಗಿ ಕಾಯುತ್ತಿದ್ದರು, ಎರಡು ವಾರ ವ್ಯರ್ಥವಾಗುತ್ತಿತ್ತು. ಹಾಗೆಂದು ಈಗ ತಪ್ಪು ವಿನ್ಯಾಸ ವಿಭಾಗದ ಹೆಗಲಿಗೆ ಹೋಗಬಾರದು. ಅಲ್ಲಿಗೂ ಅದೇ ಹಾಳೆ ಹಿಡಿದು ಹೋಗಿ. ಗ್ರಾಹಕರ ಹೊಸ ಭಾಗಗಳ ನಕ್ಷೆ ಬರೆಯುವವರಿಗೆ ಈ ಚೀಟಿಗಳು ನಡುವೆ ಬರುವ ಕೆಲಸ. ಅದಕ್ಕೆ ಅವರ ವೇಳಾಪಟ್ಟಿಯಲ್ಲಿ ಯಾರೂ ಸಮಯ ಇಟ್ಟಿಲ್ಲ. ಎಲ್ಲ ಐಟಂಗಳಿಗೂ ಒಂದೇ ವೇಗ ಎಂದು ಯೋಜನೆ ಊಹಿಸಿತ್ತು, ನಕ್ಷೆ ಬೇಕಾಗುತ್ತದೆ ಎಂಬುದು ಅದರಲ್ಲಿ ಇರಲೇ ಇಲ್ಲ. ಕಾರಣ ಇರುವುದು ಅಲ್ಲಿ, ಮತ್ತು ನಿರ್ಧಾರದಿಂದ ಬದಲಾಯಿಸಬಹುದಾದ ಕಾರಣ ಕೂಡ ಅದೇ.

ಒಂದು ದಿನದ ಪ್ರಯೋಗ ಮಾಡಿ

ಪರಿಹಾರ ಹೊಳೆದ ಕೂಡಲೇ ಬರೆಯಲು ಕೂರಬೇಡಿ. ಅದು ಕೆಲಸ ಮಾಡುತ್ತದೆಯೇ ಎಂದು ನಿಮ್ಮ ಮಟ್ಟದಲ್ಲೇ ಚಿಕ್ಕದಾಗಿ ನೋಡಿ. ವಿನ್ಯಾಸ ವಿಭಾಗದ ಮುಖ್ಯಸ್ಥರನ್ನು ಕೇಳಿ, ಐದನೆಯ ವಾರದ ಶನಿವಾರ, ಫೆಬ್ರವರಿ 7ರಂದು, ಒಬ್ಬ ಎಂಜಿನಿಯರ್ ನಕ್ಷೆಗಳಿರುವ ಕಂಪ್ಯೂಟರ್ ಸಮೇತ ಸ್ಟೋರ್ಸ್‌ನ ಹಿರಿಯರ ಪಕ್ಕದಲ್ಲಿ ಇಡೀ ದಿನ ಕುಳಿತರು ಎಂದಿಟ್ಟುಕೊಳ್ಳಿ. ಅಂದು ದಾಸ್ತಾನು ಎಣಿಕೆ ಇರಲಿಲ್ಲ. ಆ ವಾರದ ಮೊದಲ ಐದು ದಿನ ಸೇರಿ 190 ಐಟಂ ಆಗಿದ್ದವು, ದಿನಕ್ಕೆ 38. ಶನಿವಾರ ಒಂದೇ ದಿನ 110.

ಈ 110 ನಿಮ್ಮ ಪತ್ರದ ಅತ್ಯಂತ ಬಲವಾದ ಸಂಖ್ಯೆ. ಅದರ ಮಿತಿಯನ್ನೂ ಜೊತೆಗೇ ಹೇಳಿ: ಇದು ಒಂದೇ ದಿನದ ಅನುಭವ, ಮುಂದೆ ಬರುವ ಐಟಂಗಳು ಇನ್ನೂ ಕಠಿಣವಾಗಿರಬಹುದು. ಮಿತಿಯನ್ನು ನೀವೇ ಹೇಳಿದರೆ ಅಧಿಕಾರಿ ಅದನ್ನು ಹುಡುಕುತ್ತಾ ಸಮಯ ಕಳೆಯುವುದಿಲ್ಲ.

ನಿಮ್ಮ ನೇರ ಅಧಿಕಾರಿಯನ್ನು ದಾಟಿ ಹೋಗಬೇಡಿ

ಜನರಲ್ ಮ್ಯಾನೇಜರ್‌ಗೆ ಬರೆಯುವ ಮೊದಲು ನಿಮ್ಮ ಮ್ಯಾನೇಜರ್ ಬಳಿ ಹೋಗಿ, ಕರಡು ತೋರಿಸಿ, “ಇದನ್ನು ನೀವೇ ಕಳಿಸುವಿರಾ, ನಾನು ಕಳಿಸಿ ನಿಮಗೆ ಪ್ರತಿ ಹಾಕಲೇ?” ಎಂದು ಕೇಳಿ. ಅವರು “ಇನ್ನೊಂದು ವಾರ ನೋಡೋಣ” ಎಂದರೆ ವಾದ ಮಾಡುವ ಬದಲು ಆ ಒಂದು ವಾರದ ಬೆಲೆ ಎಷ್ಟು ಎಂದು ತೋರಿಸಿ. ಆ ಲೆಕ್ಕ ಮುಂದಿನ ಭಾಗದಲ್ಲಿದೆ.

ಆಯ್ಕೆಗಳು, ಮತ್ತು ನಿರ್ಧಾರಕ್ಕೆ ಕೊನೆಯ ದಿನ

ಉಳಿದ 6,600ರಲ್ಲಿ ಕಳೆದ 24 ತಿಂಗಳಲ್ಲಿ ಒಮ್ಮೆಯಾದರೂ ಬಳಕೆಯಾದವು 2,300 ಮಾತ್ರ ಎಂದು ಹಳೆಯ ತಂತ್ರಾಂಶದಿಂದ ತಿಳಿಯುತ್ತದೆ ಎನ್ನೋಣ. ಇಲ್ಲಿಂದ ಆಯ್ಕೆಗಳು ಹುಟ್ಟುತ್ತವೆ.

ಮೊದಲನೆಯದು, ಈ 2,300 ಐಟಂಗಳನ್ನು ಮಾತ್ರ ಶುದ್ಧಗೊಳಿಸಿ ಏಪ್ರಿಲ್ 1ಕ್ಕೇ ಹೋಗುವುದು. ಉಳಿದವು ಹಳೆಯ ವ್ಯವಸ್ಥೆಯಲ್ಲಿ ನೋಡಲು ಮಾತ್ರ ಲಭ್ಯ, ಬೇಕಾದಾಗ ಒಂದೊಂದಾಗಿ ತರುವುದು. ಹೆಚ್ಚುವರಿ ವಾರವನ್ನೂ ಬಳಸಿಕೊಂಡರೆ ಪರೀಕ್ಷೆಯನ್ನು ಮಾರ್ಚ್ 9ಕ್ಕೆ ಆರಂಭಿಸಿ 28ಕ್ಕೆ ಮುಗಿಸಬಹುದು. ಹಾಗಾದರೆ ಶುದ್ಧೀಕರಣ ಮಾರ್ಚ್ 7ಕ್ಕೆ ಮುಗಿಯಬೇಕು. ದಿನಕ್ಕೆ 110ರಂತೆ 2,300ಕ್ಕೆ 21 ಕೆಲಸದ ದಿನ ಬೇಕು. ಮಾರ್ಚ್ 7ರಿಂದ ಹಿಂದಕ್ಕೆ 21 ದಿನ ಎಣಿಸಿದರೆ ಫೆಬ್ರವರಿ 12, ಗುರುವಾರ ಸಿಗುತ್ತದೆ. ಆದ್ದರಿಂದ ನಿರ್ಧಾರ ಫೆಬ್ರವರಿ 11ರ ಬುಧವಾರ ಸಂಜೆಯೊಳಗೆ ಬೇಕು. “ದಯವಿಟ್ಟು ಬೇಗ ತಿಳಿಸಿ” ಎಂಬ ಮಾತಿನ ಜಾಗದಲ್ಲಿ ಹೀಗೆ ಲೆಕ್ಕದಿಂದ ಬಂದ ದಿನಾಂಕ ಇದ್ದರೆ ಅದು ಒತ್ತಡ ಹೇರಿದಂತೆ ಕಾಣುವುದಿಲ್ಲ. ನಿಮ್ಮ ಮ್ಯಾನೇಜರ್‌ಗೆ ತೋರಿಸಬೇಕಾದ “ಒಂದು ವಾರದ ಬೆಲೆ”ಯೂ ಇದೇ: ಒಂದು ವಾರ ಕಾದರೆ ಈ ಆಯ್ಕೆಯೇ ಇರುವುದಿಲ್ಲ.

ಎರಡನೆಯದು, ಎಲ್ಲ 6,600 ಐಟಂಗಳನ್ನೂ ಮುಗಿಸಿ ಜುಲೈ 1ಕ್ಕೆ, ಅಂದರೆ ಎರಡನೆಯ ತ್ರೈಮಾಸಿಕದ ಆರಂಭಕ್ಕೆ ಹೋಗುವುದು. ವರ್ಷದ ನಡುವೆ ಇನ್‌ವಾಯ್ಸ್‌ಗೆ ಬೇರೆ ಸರಣಿ ಆರಂಭಿಸಲು ನಿಯಮದ ಅಡ್ಡಿಯಿಲ್ಲ, ಸಂಖ್ಯೆಗಳು ಮರುಕಳಿಸದಿದ್ದರೆ ಸಾಕು. ಆದರೆ ಒಂದೇ ವರ್ಷದ ಲೆಕ್ಕ ಎರಡು ವ್ಯವಸ್ಥೆಗಳಲ್ಲಿ ಹಂಚಿಹೋಗುತ್ತದೆ, ಲೆಕ್ಕಪರಿಶೋಧನೆಗೆ ಎರಡನ್ನೂ ಹೊಂದಿಸಿ ತೋರಿಸಬೇಕು, ಹಳೆಯ ತಂತ್ರಾಂಶದ ಪರವಾನಗಿಯನ್ನು ಮುಂದುವರಿಸಬೇಕು. ಇನ್ನೊಂದು ಮಾತು ಇಲ್ಲಿ ಅಡಗಿದೆ, ಅದನ್ನು ಎತ್ತಿ ಹೇಳಲೇಬೇಕು. ವಿನ್ಯಾಸ ವಿಭಾಗದ ನೆರವು ಸಿಗದೆ ಬರಿಯ ದಿನಾಂಕ ಮುಂದಕ್ಕೆ ಹೋದರೆ ಈಗಿನ ವೇಗದಲ್ಲಿ ಶುದ್ಧೀಕರಣ ಜೂನ್ 20ಕ್ಕೆ, ಪರೀಕ್ಷೆ ಜುಲೈ 11ಕ್ಕೆ ಮುಗಿಯುತ್ತದೆ. ಜುಲೈ 1 ಕೂಡ ತಪ್ಪುತ್ತದೆ. ಗಡುವು ಮುಂದೂಡಿದರೆ ಎಲ್ಲ ಸರಿಹೋಗುತ್ತದೆ ಎಂದು ಅಧಿಕಾರಿ ಸಹಜವಾಗಿ ಅಂದುಕೊಳ್ಳುತ್ತಾರೆ. ಅದು ನಿಜವಲ್ಲ ಎಂದು ತೋರಿಸುವುದು ನಿಮ್ಮ ಹೊಣೆ.

ಮೂರನೆಯದು, ಶುದ್ಧೀಕರಿಸದ ಪಟ್ಟಿಯನ್ನೇ ಏರಿಸಿ ಏಪ್ರಿಲ್ 1ಕ್ಕೆ ಹೋಗುವುದು. ನಿಮಗೆ ಇಷ್ಟವಿಲ್ಲದ ಆಯ್ಕೆಯನ್ನೂ ನ್ಯಾಯವಾಗಿ ಬರೆಯಿರಿ, ಏಕೆಂದರೆ ಯಾರಾದರೂ ಅದನ್ನು ಕೇಳಿಯೇ ಕೇಳುತ್ತಾರೆ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿದ ಸಂಸ್ಥೆಗಳು ಇನ್‌ವಾಯ್ಸ್‌ನಲ್ಲಿ ಆರು ಅಂಕಿಗಳ ಎಚ್‌ಎಸ್‌ಎನ್ ಕೋಡ್ ನಮೂದಿಸಬೇಕು. ಇ-ಇನ್‌ವಾಯ್ಸ್ ಒಮ್ಮೆ ನೋಂದಣಿಯಾದರೆ ಪೋರ್ಟಲ್‌ನಲ್ಲಿ ಅದನ್ನು ತಿದ್ದಲಾಗದು. 24 ಗಂಟೆಯೊಳಗೆ ರದ್ದು ಮಾಡಬಹುದಷ್ಟೆ, ನಂತರ ಸಾಮಾನ್ಯವಾಗಿ ಕ್ರೆಡಿಟ್ ನೋಟ್‌ನಂಥ ದಾರಿ ಹಿಡಿಯಬೇಕು. ತಪ್ಪು ಪಟ್ಟಿಯಿಂದ ದಿನವೂ ಇನ್‌ವಾಯ್ಸ್ ಹೊರಟರೆ ತಿದ್ದುವ ಕೆಲಸ ಶುದ್ಧೀಕರಣಕ್ಕಿಂತ ದೊಡ್ಡದಾಗುತ್ತದೆ.

ಪತ್ರ

ಒಂದು ಪುಟ ದಾಟಬಾರದು. ಮೊದಲ ವಾಕ್ಯದಲ್ಲೇ ಏನು ಬೇಕು, ಯಾವಾಗ ಬೇಕು ಎಂಬುದು ಇರಲಿ. ಹಿನ್ನೆಲೆಯಿಂದ ಶುರು ಮಾಡಿ ಬೇಡಿಕೆಯನ್ನು ಕೊನೆಗೆ ಇಟ್ಟರೆ, ಕಾರಿನಲ್ಲಿ ಕುಳಿತು ಮೊಬೈಲ್‌ನಲ್ಲಿ ಓದುವ ಅಧಿಕಾರಿಗೆ ಅದು ಕಾಣುವುದೇ ಇಲ್ಲ.

> ವಿಷಯ: ಇಆರ್‌ಪಿ – ಏಪ್ರಿಲ್ 1ರ ದಿನಾಂಕ ಉಳಿಸಿಕೊಳ್ಳಲು ಫೆಬ್ರವರಿ 11ರೊಳಗೆ ನಿರ್ಧಾರ ಬೇಕಾಗಿದೆ
>
> ಮಾನ್ಯರೇ,
>
> ಹೊಸ ವ್ಯವಸ್ಥೆ ಏಪ್ರಿಲ್ 1ಕ್ಕೆ ಆರಂಭವಾಗಬೇಕಾದರೆ ಎರಡು ವಿಷಯಗಳಿಗೆ ಬುಧವಾರ, ಫೆಬ್ರವರಿ 11ರ ಸಂಜೆಯೊಳಗೆ ತಮ್ಮ ಒಪ್ಪಿಗೆ ಬೇಕು: (1) ಮೊದಲ ಹಂತದಲ್ಲಿ ಕಳೆದ 24 ತಿಂಗಳಲ್ಲಿ ಬಳಕೆಯಾದ ಐಟಂಗಳನ್ನು ಮಾತ್ರ ಸೇರಿಸುವುದು, (2) ಮಾರ್ಚ್ 7ರವರೆಗೆ ವಿನ್ಯಾಸ ವಿಭಾಗದ ಒಬ್ಬ ಎಂಜಿನಿಯರ್ ಪೂರ್ಣಾವಧಿ ಈ ಕೆಲಸಕ್ಕೆ, ಮತ್ತು ಅದೇ ಅವಧಿಯಲ್ಲಿ ದಾಸ್ತಾನು ಎಣಿಕೆಗೆ ಸ್ಟೋರ್ಸ್‌ಗೆ ಬದಲಿ ವ್ಯವಸ್ಥೆ.
>
> ಸ್ಥಿತಿ (ಫೆಬ್ರವರಿ 7ರಂತೆ): 9,600 ಐಟಂಗಳಲ್ಲಿ 3,000 ಮುಗಿದಿವೆ, ಯೋಜನೆಯಲ್ಲಿದ್ದದ್ದು 6,000. ವಾರವಾರದ ಸಂಖ್ಯೆ 900, 800, 600, 400, 300. ಈಗಿನ ಕ್ರಮದಲ್ಲೇ ಮುಂದುವರಿದರೆ ಶುದ್ಧೀಕರಣ ಏಪ್ರಿಲ್ 25 ಮತ್ತು ಜೂನ್ 20ರ ನಡುವೆ ಮುಗಿಯುತ್ತದೆ.
>
> ಕಾರಣ: ಉಳಿದ ಐಟಂಗಳಲ್ಲಿ ಹೆಚ್ಚಿನವನ್ನು ಖಚಿತಪಡಿಸಲು ನಕ್ಷೆ ಬೇಕು. ನಕ್ಷೆ ಕೇಳಿ ಪಡೆಯಲು ಒಂದು ದಿನ ಹಿಡಿಯುತ್ತದೆ. ಯೋಜನೆ ಮಾಡುವಾಗ ಈ ಹಂತವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ವಿನ್ಯಾಸ ವಿಭಾಗದ ಸಮಯವನ್ನೂ ಕಾಯ್ದಿರಿಸಿರಲಿಲ್ಲ.
>
> ಪ್ರಯೋಗ: ಫೆಬ್ರವರಿ 7ರಂದು ಎರಡೂ ವಿಭಾಗದವರು ಒಟ್ಟಿಗೆ ಕುಳಿತಾಗ ಒಂದು ದಿನದಲ್ಲಿ 110 ಐಟಂ ಮುಗಿದವು, ಅದಕ್ಕೆ ಮೊದಲು ದಿನಕ್ಕೆ 38. ಇದು ಒಂದು ದಿನದ ಅನುಭವ ಮಾತ್ರ. ಫೆಬ್ರವರಿ 21ಕ್ಕೆ ಮತ್ತೆ ಅಳೆದು ತಿಳಿಸುತ್ತೇವೆ.
>
> ಇದರ ಬೆಲೆ: ವಿನ್ಯಾಸ ವಿಭಾಗದಲ್ಲಿ ಒಬ್ಬರ ಸುಮಾರು ನಾಲ್ಕು ವಾರದ ಕೆಲಸ ಹಿಂದೆ ಬೀಳುತ್ತದೆ. ಯಾವ ನಕ್ಷೆಗಳನ್ನು ಮುಂದೂಡಬಹುದು ಎಂಬ ಪಟ್ಟಿಯನ್ನು ವಿಭಾಗದ ಮುಖ್ಯಸ್ಥರು ಕೊಟ್ಟಿದ್ದಾರೆ, ಲಗತ್ತಿಸಿದೆ.
>
> ಬೇರೆ ಆಯ್ಕೆಗಳು (ಜುಲೈ 1ಕ್ಕೆ ಮುಂದೂಡುವುದು, ಶುದ್ಧೀಕರಿಸದೆ ಹೋಗುವುದು) ಮತ್ತು ಅವುಗಳ ಪರಿಣಾಮ ಲಗತ್ತಿನಲ್ಲಿವೆ. ಈ ಅಂಕಿಗಳನ್ನು ಸ್ಟೋರ್ಸ್ ಮತ್ತು ವಿನ್ಯಾಸ ವಿಭಾಗದವರು ನೋಡಿ ಒಪ್ಪಿದ್ದಾರೆ.

ಕೊನೆಯ ವಾಕ್ಯವನ್ನು ಬಿಡಬೇಡಿ. ಇದು ಒಬ್ಬರ ಮೇಲಿನ ದೂರಲ್ಲ, ಎಲ್ಲರೂ ಸೇರಿ ಕೇಳುತ್ತಿರುವ ಸಹಾಯ ಎಂಬುದು ಆ ಒಂದು ವಾಕ್ಯದಿಂದ ತಿಳಿಯುತ್ತದೆ. ಅದು ನಿಜವಾಗಿರಲೇಬೇಕು, ಒಪ್ಪಿಗೆ ಪಡೆಯದೆ ಬರೆದರೆ ಒಂದು ಫೋನ್ ಕರೆಯಲ್ಲಿ ಬಯಲಾಗುತ್ತದೆ.

ಹೆಸರಿಲ್ಲದೆಯೂ ನುಸುಳುವ ದೂರು

ಕರಡನ್ನು ಕಳಿಸುವ ಮೊದಲು ಇನ್ನೊಮ್ಮೆ ಓದಿ. ಹೆಸರು ತೆಗೆದರೂ ದೂರು ಬೇರೆ ದಾರಿಯಲ್ಲಿ ಒಳಬರುತ್ತದೆ. “ಹಲವು ಬಾರಿ ನೆನಪಿಸಿದರೂ”, “ಕೊನೆಗೂ”, “ಇನ್ನೂ ಸಹ” ಇಂಥ ಮಾತುಗಳನ್ನು ಅಳಿಸಿ, ಆ ಜಾಗದಲ್ಲಿ ದಿನಾಂಕ ಇಡಿ. “ಹಲವು ಬಾರಿ ಕೇಳಿದರೂ ನಕ್ಷೆ ಕೊಡುತ್ತಿಲ್ಲ” ಎನ್ನುವ ಬದಲು “ಜನವರಿ 27ರಂದು ಕೇಳಿದ ನಕ್ಷೆಗಳು 28ರಂದು ಬಂದವು, ದಿನವೂ ಸುಮಾರು ಹೀಗೇ ಆಗುತ್ತದೆ” ಎಂದು ಬರೆದರೆ ಎರಡನೆಯದರಲ್ಲಿ ಸಂಗತಿ ಹೆಚ್ಚಿದೆ, ಕೋಪ ಇಲ್ಲ.

ಇ-ಮೇಲ್‌ಗಳ ಉದ್ದ ಸರಪಳಿಯನ್ನು ಪುರಾವೆಯೆಂದು ಲಗತ್ತಿಸುವುದು ಇನ್ನೊಂದು ರೂಪ. ಅದರಲ್ಲಿ ಯಾರು ಯಾವಾಗ ಉತ್ತರಿಸಲಿಲ್ಲ ಎಂಬುದಷ್ಟೇ ಎದ್ದು ಕಾಣುತ್ತದೆ. ಸಂಖ್ಯೆಗಳ ಹಾಳೆ ಸಾಕು. ಪ್ರತಿ ಯಾರಿಗೆ ಹಾಕುತ್ತೀರಿ ಎಂಬುದನ್ನೂ ನೋಡಿಕೊಳ್ಳಿ: ನಿರ್ಧರಿಸುವವರು, ನಿಮ್ಮ ಮ್ಯಾನೇಜರ್, ಎರಡು ವಿಭಾಗಗಳ ಮುಖ್ಯಸ್ಥರು. ಅದಕ್ಕಿಂತ ಹೆಚ್ಚಿನವರಿಗೆ ಹೋದರೆ ಸಾರ್ವಜನಿಕವಾಗಿ ಗದರಿದಂತೆ ಆಗುತ್ತದೆ.

ಕಠಿಣವಾದದ್ದು ಒಂದಿದೆ. ವಿಭಾಗದಲ್ಲಿ ಆ ಕೆಲಸ ಬಲ್ಲವರು ಒಬ್ಬರೇ ಇದ್ದರೆ “ಸ್ಟೋರ್ಸ್” ಎಂದರೂ ಅವರೇ ಎಂದು ಎಲ್ಲರಿಗೂ ತಿಳಿಯುತ್ತದೆ. ಆಗ ವ್ಯಕ್ತಿ ಏನು ಮಾಡಲಿಲ್ಲ ಎನ್ನುವುದನ್ನು ಬಿಟ್ಟು, ಆ ಹುದ್ದೆಯ ಮೇಲೆ ಆ ತಿಂಗಳು ಏನೇನು ಬಿದ್ದಿದೆ ಎಂದು ಬರೆಯಿರಿ: ದೈನಂದಿನ ಸಾಮಗ್ರಿ ವಿತರಣೆ, ದಾಸ್ತಾನು ಎಣಿಕೆ, ಐಟಂ ಶುದ್ಧೀಕರಣ. ಮೂರನ್ನೂ ಒಂದೇ ಹುದ್ದೆಗೆ ವಹಿಸಿದ್ದು ಸಂಸ್ಥೆ, ಬದಲಾಯಿಸಬಲ್ಲದ್ದೂ ಸಂಸ್ಥೆಯೇ.

ಯಾರಾದರೂ ಸುಳ್ಳು ಲೆಕ್ಕ ಬರೆದಿದ್ದರೆ, ಬೇಕೆಂದೇ ಕೆಲಸ ತಡೆದಿದ್ದರೆ, ಅದನ್ನು ಮುಚ್ಚಿಡಬೇಕೆಂದು ಇದರ ಅರ್ಥವಲ್ಲ. ಅದು ಅವರ ನೇರ ಅಧಿಕಾರಿಯೊಡನೆ ಪ್ರತ್ಯೇಕವಾಗಿ, ಮುಖತಃ ಮಾತನಾಡಬೇಕಾದ ವಿಷಯ. ಯೋಜನೆಯ ಪತ್ರದಲ್ಲಿ ಸೇರಿಸಿದರೆ ಎರಡೂ ಕೆಡುತ್ತವೆ.

“ಯಾರ ತಪ್ಪಿದು?” ಎಂದು ಕೇಳಿದಾಗ

ಪತ್ರ ಎಷ್ಟೇ ಚೆನ್ನಾಗಿದ್ದರೂ ಕೋಣೆಯೊಳಗೆ ಈ ಪ್ರಶ್ನೆ ಬರುತ್ತದೆ. “ಗೊತ್ತಿಲ್ಲ ಸರ್” ಎಂದರೆ ಮುಚ್ಚಿಡುತ್ತಿದ್ದೀರಿ ಎನಿಸುತ್ತದೆ. ಹೆಸರು ಹೇಳಿದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಕೆಲಸ ಎಲ್ಲಿ ನಿಂತಿದೆ ಎಂದು ನೇರವಾಗಿ ಹೇಳಿ: “ಸರ್, ಒಂದು ಐಟಂ ಮುಗಿಯಲು ನಾಲ್ಕೈದು ನಿಮಿಷ ಸಾಕು, ಆದರೆ ನಕ್ಷೆಗಾಗಿ ಒಂದು ದಿನ ಕಾಯಬೇಕು. ಆ ಕಾಯುವಿಕೆ ಯೋಜನೆಯಲ್ಲೇ ಇರಲಿಲ್ಲ. ಶನಿವಾರ ಕಾಯುವುದು ತಪ್ಪಿದಾಗ ಅದೇ ಜನ ಮೂರು ಪಟ್ಟು ಕೆಲಸ ಮಾಡಿದರು.” ಕೊನೆಯ ವಾಕ್ಯ ಉಪಕಾರದ ಮಾತಲ್ಲ, ಪ್ರಯೋಗದ ಫಲಿತಾಂಶ. ಆ ಜನರ ಪರವಾಗಿ ಅದಕ್ಕಿಂತ ಬಲವಾದ ಸಾಕ್ಷಿ ಇಲ್ಲ.

ಕೆಲವು ಅಧಿಕಾರಿಗಳು ಅಲ್ಲೇ ಫೋನ್ ಎತ್ತಿ ಸ್ಟೋರ್ಸ್‌ಗೆ ಕರೆ ಮಾಡಿ, ಸ್ಪೀಕರ್ ಹಾಕಿ ಗದರಲು ಮುಂದಾಗುತ್ತಾರೆ. ತಡೆಯುವುದು ಕಷ್ಟ, ಆದರೆ ಹೀಗೆ ಹೇಳಬಹುದು: “ಸರ್, ಅವರನ್ನೂ ಇಲ್ಲಿಗೇ ಕರೆಯೋಣ. ನಕ್ಷೆಯ ವಿಷಯ ಮೊದಲು ಹೇಳಿದವರು ಅವರೇ. ನೀವೇ ಅವರಿಂದ ಕೇಳಿದರೆ ಒಳ್ಳೆಯದು.” ಆಗ ಆ ಹಿರಿಯರು ಆರೋಪಿಯಾಗಿ ಬರುವುದಿಲ್ಲ, ಕಾರಣ ಕಂಡುಹಿಡಿದವರಾಗಿ ಬರುತ್ತಾರೆ.

ನಿರ್ಧಾರದ ನಂತರ

ಅದೇ ದಿನ ನಾಲ್ಕು ಸಾಲಿನ ಮೇಲ್ ಕಳಿಸಿ: ಏನು ನಿರ್ಧಾರವಾಯಿತು, ಯಾರು ಯಾವಾಗಿನಿಂದ, ಮತ್ತೆ ಯಾವಾಗ ಅಳೆಯುತ್ತೇವೆ. ಫೆಬ್ರವರಿ 12ಕ್ಕೆ ಕೆಲಸ ಆರಂಭವಾದರೆ 21ರ ಸಂಜೆಗೆ ಒಂಬತ್ತು ದಿನ, ಅಂದರೆ 990 ಐಟಂ ಆಗಿರಬೇಕು. ದಿನಗಳಲ್ಲಿ ಬಿಡುವಿಲ್ಲದ ಕಾರಣ ಅದಕ್ಕಿಂತ ಕೆಳಗಿದ್ದರೆ ಅಂದೇ ತಿಳಿಸುತ್ತೇವೆ ಎಂದು ಆ ಮೇಲ್‌ನಲ್ಲೇ ಬರೆಯಿರಿ. ಮುಂದೆ ಮತ್ತೊಮ್ಮೆ ಹೋಗಬೇಕಾಗಿ ಬಂದರೆ ಅದು ಹೊಸ ದೂರಾಗುವುದಿಲ್ಲ, ಮೊದಲೇ ಒಪ್ಪಿಕೊಂಡ ಅಳತೆಯಾಗುತ್ತದೆ. ಪ್ರತಿ ಶನಿವಾರದ ಸಂಖ್ಯೆಯನ್ನು ಎರಡೂ ವಿಭಾಗದವರಿಗೆ ಮೊದಲು, ಜನರಲ್ ಮ್ಯಾನೇಜರ್‌ಗೆ ಆಮೇಲೆ ಕಳಿಸಿ.

ಬುಧವಾರ ಸಂಜೆಯವರೆಗೂ ಉತ್ತರವೇ ಬರದಿದ್ದರೆ? ಮತ್ತೆ ಇಡೀ ಪತ್ರ ಕಳಿಸಬೇಡಿ. ಗುರುವಾರ ಬೆಳಿಗ್ಗೆ ನಿಮ್ಮ ಮ್ಯಾನೇಜರ್‌ಗೆ ತಿಳಿಸಿ, ಎರಡು ಸಾಲು ಬರೆಯಿರಿ: “ಇಂದು ಕೆಲಸ ಆರಂಭವಾಗದಿದ್ದರೆ 2,300 ಐಟಂಗಳನ್ನು ಮಾರ್ಚ್ 7ರೊಳಗೆ ಮುಗಿಸಲಾಗದು, ಏಪ್ರಿಲ್ 1ರ ಆಯ್ಕೆ ಉಳಿಯುವುದಿಲ್ಲ. ತಮ್ಮ ಸೂಚನೆ ಬರುವವರೆಗೆ 24 ತಿಂಗಳ ಪಟ್ಟಿಯಲ್ಲಿರುವ ಐಟಂಗಳನ್ನೇ ಮೊದಲು ತೆಗೆದುಕೊಂಡು ಈಗಿನ ಜನರೊಂದಿಗೆ ಕೆಲಸ ಮುಂದುವರಿಸುತ್ತಿದ್ದೇವೆ.” ಪಟ್ಟಿಯ ಕ್ರಮ ಬದಲಾಯಿಸುವುದು ನಿಮ್ಮ ಅಧಿಕಾರದಲ್ಲೇ ಇದೆ, ಮತ್ತು ನಿರ್ಧಾರ ಯಾವ ಕಡೆಗೆ ಬಂದರೂ ಆ ಕೆಲಸ ವ್ಯರ್ಥವಾಗುವುದಿಲ್ಲ.